ವಾಕ್ಯದಲ್ಲಿದ್ದ ರಕ್ತಪರೀಕ್ಷೆ ವರದಿ ಕೋಷ್ಟಕದಲ್ಲಿ

ಬಂದ ಟಿಪ್ಪಣಿ

“52 ವರ್ಷದ ಮಹಿಳೆ, ಸುಸ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದಿದೆ. ಹಿಮೋಗ್ಲೋಬಿನ್ 10.4, ಎಂಸಿವಿ 72. ಬಿಳಿ ಕಣ 8,200, ಪ್ಲೇಟ್‌ಲೆಟ್ 2.9 ಲಕ್ಷ. ಫೆರಿಟಿನ್ 9, ಬಿ12 150ಕ್ಕಿಂತ ಕಡಿಮೆ. ಶುಗರ್ 118, ಎಚ್‌ಬಿಎ1ಸಿ 6.3. ಒಟ್ಟು ಕೊಲೆಸ್ಟರಾಲ್ 212, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 165. ಟಿಎಸ್‌ಎಚ್ 6.8. ಕ್ರಿಯಾಟಿನಿನ್ 0.8, ಯೂರಿಯಾ ನಾರ್ಮಲ್. ಪೊಟ್ಯಾಶಿಯಂ 5.9, ಸ್ಯಾಂಪಲ್ ಸ್ವಲ್ಪ ಹಿಮೊಲೈಸ್ ಆಗಿದೆ.”

ಕೋಷ್ಟಕ (ಉಲ್ಲೇಖ ಮಿತಿ: ಪರೀಕ್ಷೆ ಮಾಡಿದ ಲ್ಯಾಬಿನದೇ, ವಯಸ್ಕ ಮಹಿಳೆಯರಿಗೆ)

| ಪರೀಕ್ಷೆ | ಫಲಿತಾಂಶ | ಏಕಮಾನ | ಉಲ್ಲೇಖ ಮಿತಿ |
|---|---|---|---|
| ಹಿಮೋಗ್ಲೋಬಿನ್ | 10.4 ↓ | ಗ್ರಾಂ/ಡೆಸಿಲೀಟರ್ | 12.0–15.0 |
| ಎಂಸಿವಿ | 72 ↓ | ಫೆಮ್ಟೊಲೀಟರ್ | 83–101 |
| ಬಿಳಿ ರಕ್ತಕಣ | 8,200 | ಪ್ರತಿ ಮೈಕ್ರೊಲೀಟರ್ | 4,000–10,000 |
| ಪ್ಲೇಟ್‌ಲೆಟ್ | 2,90,000 | ಪ್ರತಿ ಮೈಕ್ರೊಲೀಟರ್ | 1,50,000–4,10,000 |
| ಫೆರಿಟಿನ್ | 9 ↓ | ನ್ಯಾನೊಗ್ರಾಂ/ಮಿ.ಲೀ. | 15–150 |
| ವಿಟಮಿನ್ ಬಿ12 | <150 ↓ | ಪಿಕೊಗ್ರಾಂ/ಮಿ.ಲೀ. | 211–911 |
| ಖಾಲಿ ಹೊಟ್ಟೆಯ ಗ್ಲೂಕೋಸ್ | 118 ↑ | ಮಿ.ಗ್ರಾಂ/ಡೆಸಿಲೀಟರ್ | 70–99 |
| ಎಚ್‌ಬಿಎ1ಸಿ | 6.3 ↑ | % | 5.7ಕ್ಕಿಂತ ಕಡಿಮೆ |
| ಒಟ್ಟು ಕೊಲೆಸ್ಟರಾಲ್ | 212 ↑ | ಮಿ.ಗ್ರಾಂ/ಡೆಸಿಲೀಟರ್ | 200ಕ್ಕಿಂತ ಕಡಿಮೆ |
| ಎಚ್‌ಡಿಎಲ್ | 44 ↓ | ಮಿ.ಗ್ರಾಂ/ಡೆಸಿಲೀಟರ್ | 50ಕ್ಕಿಂತ ಹೆಚ್ಚು |
| ಟ್ರೈಗ್ಲಿಸರೈಡ್ | 165 ↑ | ಮಿ.ಗ್ರಾಂ/ಡೆಸಿಲೀಟರ್ | 150ಕ್ಕಿಂತ ಕಡಿಮೆ |
| ಟಿಎಸ್‌ಎಚ್ | 6.8 ↑ | ಮೈಕ್ರೊ ಐಯು/ಮಿ.ಲೀ. | 0.4–4.5 |
| ಕ್ರಿಯಾಟಿನಿನ್ | 0.8 | ಮಿ.ಗ್ರಾಂ/ಡೆಸಿಲೀಟರ್ | 0.6–1.1 |
| ಯೂರಿಯಾ | ಸಂಖ್ಯೆ ಕೊಟ್ಟಿಲ್ಲ | ಮಿ.ಗ್ರಾಂ/ಡೆಸಿಲೀಟರ್ | 15–40 |
| ಪೊಟ್ಯಾಶಿಯಂ | 5.9 ↑ (ಹಿಮೊಲೈಸ್) | ಮಿಲಿಮೋಲ್/ಲೀಟರ್ | 3.5–5.1 |

ಕೋಷ್ಟಕದ ಜೊತೆ ಓದಬೇಕಾದದ್ದು

ಟಿಪ್ಪಣಿಯಲ್ಲಿ ಏಕಮಾನಗಳೇ ಇರಲಿಲ್ಲ. ಎಲ್ಲವನ್ನೂ ಲ್ಯಾಬಿನ ಮುದ್ರಿತ ಉಲ್ಲೇಖ ಮಿತಿಗಳ ಪಟ್ಟಿ ನೋಡಿ ತುಂಬಿದೆ, ಅಂದಾಜಿನಿಂದಲ್ಲ. ಬಿ12 ಅನ್ನು ಕೆಲವು ಲ್ಯಾಬ್‌ಗಳು ಪಿಕೊಮೋಲ್‌ನಲ್ಲಿ ಕೊಡುತ್ತವೆ. ಆಗ ಅದೇ 150ಕ್ಕೆ ಬೇರೆಯೇ ಅರ್ಥ. ಇಲ್ಲಿ “<” ಚಿಹ್ನೆ ಅಳಿಸಬೇಡಿ: ಯಂತ್ರ ಅಳೆಯಬಲ್ಲ ಕನಿಷ್ಠಕ್ಕಿಂತಲೂ ಕೆಳಗಿದೆ ಎಂದಷ್ಟೇ ಗೊತ್ತು, 150 ಎಂಬ ಅಳತೆ ಬಂದಿಲ್ಲ.

“2.9 ಲಕ್ಷ”ವನ್ನು ಪೂರ್ಣ ಸಂಖ್ಯೆಯಾಗಿ ಬಿಡಿಸಿದೆ. ಹಳೆಯ ವರದಿಯಲ್ಲಿ ಇದೇ ಲೆಕ್ಕ ಸಾವಿರಗಳಲ್ಲಿ 290 ಎಂದು ಇರಬಹುದು. ಅದರ ಪಕ್ಕದಲ್ಲಿ ಬರೀ 2.9 ಇಟ್ಟು ಹೋಲಿಸಿದಾಗ ಪ್ಲೇಟ್‌ಲೆಟ್ ಕುಸಿದಿದೆ ಎಂದು ಗಾಬರಿ ಬೀಳುವುದು ಇಲ್ಲೇ. ಯೂರಿಯಾಕ್ಕೆ “ನಾರ್ಮಲ್” ಎಂದಷ್ಟೇ ಇತ್ತು, ಮಿತಿಯೊಳಗಿನ ಯಾವುದೋ ಸಂಖ್ಯೆ ಹಾಕುವಂತಿಲ್ಲ. ಎಲ್‌ಡಿಎಲ್ ಅಳೆದಿಲ್ಲ, ಹಾಗಾಗಿ ಸಾಲು ಇಲ್ಲ; ಫ್ರೀಡ್‌ವಾಲ್ಡ್ ಸೂತ್ರದಿಂದ 212 − 44 − (165 ÷ 5) = 135 ಬರುತ್ತದೆ. ಅದನ್ನು ಸೇರಿಸುವುದಾದರೆ “ಲೆಕ್ಕ ಹಾಕಿದ್ದು” ಎಂದು ಬರೆಯಿರಿ.

ಎಚ್‌ಬಿಎ1ಸಿ ಸಾಲನ್ನು ಒಂಟಿಯಾಗಿ ಓದುವುದು ಅಪಾಯ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು. ಈ ವರದಿಯಲ್ಲಿ ಫೆರಿಟಿನ್, ಎಂಸಿವಿ ಎರಡೂ ಕೆಳಗಿವೆ.

ಪೊಟ್ಯಾಶಿಯಂ ಮಾತ್ರ ಈಗಲೇ ನಂಬುವ ಹಾಗಿಲ್ಲ. ಕೆಂಪು ಕಣ ಒಡೆದರೆ ಒಳಗಿನ ಪೊಟ್ಯಾಶಿಯಂ ಸೀರಮ್‌ಗೆ ಸೋರಿ ಸಂಖ್ಯೆ ಏರುತ್ತದೆ. ಹಾಗೆಂದು 5.9 ಅನ್ನು ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಇಂದೇ ಹೊಸ ಸ್ಯಾಂಪಲ್ ತೆಗೆಯಲು ವೈದ್ಯರಿಗೆ ತಿಳಿಸಿ. ಟೂರ್ನಿಕೆಟ್ ಹೆಚ್ಚು ಹೊತ್ತು ಬಿಗಿದಿರಬಾರದು, ಮುಷ್ಟಿ ಹಿಸುಕಿಸಬಾರದು. ಹೊಸ ಫಲಿತಾಂಶವನ್ನು ಸಮಯದೊಂದಿಗೆ ಬೇರೆ ಸಾಲಿನಲ್ಲಿ ಬರೆಯಿರಿ, ಹಳೆಯದನ್ನು ಅಳಿಸದೆ.