ಗೇಣಿ ಚೀಟಿ

ದೊಡ್ಡಪ್ಪನ ವಕೀಲರದು ಒಂದೇ ಮಾತು. ಸರ್ವೆ ನಂಬರ್ 47ರ 2 ಎಕರೆ 18 ಗುಂಟೆ ಗದ್ದೆ ದೊಡ್ಡಪ್ಪನ ಸ್ವಂತದ್ದು, ಫಾರಂ 7 ಅರ್ಜಿ ಹಾಕಿದ್ದು ಅವರು, 1978ರಲ್ಲಿ ಭೂ ನ್ಯಾಯಮಂಡಳಿ ಆದೇಶ ಆಗಿದ್ದು ಅವರ ಹೆಸರಿಗೆ, ಬೇಕಾದರೆ ಪಹಣಿ ನೋಡಿ. ಪಹಣಿಯಲ್ಲಿ ಅವರ ಹೆಸರೇ ಇದೆ, ಸುಳ್ಳೇನಲ್ಲ. ಆದರೆ ಆ ಗದ್ದೆಯನ್ನು ಒಡೆಯರಿಂದ ಗೇಣಿಗೆ ಹಿಡಿದು ಉತ್ತಿದ್ದು ಅಜ್ಜ. ಅಜ್ಜ 1971ರಲ್ಲಿ ತೀರಿಕೊಂಡರು, ಉಳುವವನಿಗೇ ಭೂಮಿ ಅನ್ನುವ ಕಾನೂನು ಬಂದದ್ದು 1974ರಲ್ಲಿ. ಮನೆಯ ಹಿರೀಮಗ ಅಂತ ದೊಡ್ಡಪ್ಪನ ಕೈಲಿ ಅರ್ಜಿ ಹಾಕಿಸಿದರು. ಅಪ್ಪ ಆಗ ಇನ್ನೂ ಶಾಲೆಗೆ ಹೋಗುವ ಹುಡುಗ.

ಮಂಡಳಿಯ ಕಡತ ತೆಗೆಸೋಣ ಅಂದರೆ ತಾಲೂಕು ಕಚೇರಿಯಿಂದ 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಬಂತು. ನಮ್ಮ ವಕೀಲರು ಆ ಹಾಳೆಯನ್ನು ಮಡಚಿಟ್ಟು ಅಪ್ಪನಿಗೆ, "ನಿಮ್ಮಪ್ಪನ ಹೆಸರಲ್ಲಿರೋ ಒಂದು ಗೇಣಿ ಚೀಟಿ ಹುಡುಕಿ ತನ್ನಿ ಮಾರಾಯ್ರೆ, ಒಂದೇ ಸಾಕು. ಗೇಣಿ ಅವರದ್ದಾದರೆ ಗದ್ದೆ ಇಡೀ ಮನೆಗೆ ಬಂದದ್ದು ಅಂತ ವಾದ ಮಾಡಬಹುದು" ಅಂದರು.

ಹಂಗಾಗಿ ಭಾನುವಾರ ಅಟ್ಟದಿಂದ ಅಜ್ಜಿಯ ಟ್ರಂಕುಗಳನ್ನೆಲ್ಲ ಜಗಲಿಗೆ ಇಳಿಸಿದ್ದಾಯಿತು. ಅತ್ತೆಗೂ ಅಪ್ಪನೇ ಫೋನು ಮಾಡಿ ಕರೆಸಿದ್ದರು. ಅಜ್ಜಿ ಯಾವುದನ್ನು ಎಲ್ಲಿ ಇಡ್ತಿದ್ದರು ಅನ್ನೋದು ಅತ್ತೆಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ಮೊದಲನೇ ಟ್ರಂಕಿನ ಬೀಗಕ್ಕೆ ಕೀಲಿಯೇ ಇಲ್ಲ, ಸುತ್ತಿಗೆಯಲ್ಲಿ ಹೊಡೆದು ತೆಗೆದೆವು. ಜಿರಲೆ ಮೊಟ್ಟೆ, ಹಳೇ ಪಂಚಾಂಗಗಳು, ಸೊಸೈಟಿ ಪಾಸ್ ಪುಸ್ತಕ, ಯಾರದೋ ಮದುವೆಯ ಕರೆಯೋಲೆ. ಅಡಿಕೆ ಮಂಡಿಯ ಪಟ್ಟಿಗಳನ್ನು ಅಜ್ಜಿ ದಾರಕ್ಕೆ ಪೋಣಿಸಿ ಇಟ್ಟಿದ್ದರು, ವರ್ಷದ ಲೆಕ್ಕದಲ್ಲಿ, ಓದು ಬರದ ಹೆಂಗಸು ಅದು ಹೇಗೆ ವರ್ಷ ಗುರುತಿಟ್ಟರೋ ನಂಗಂತೂ ಇವತ್ತಿಗೂ ಅರ್ಥ ಆಗಿಲ್ಲ. ಕಂದಾಯ ರಸೀದಿಗಳೂ ಸಿಕ್ಕವು, ಎಲ್ಲ 1980ರಿಂದ ಈಚೆಗಿನವು, ಎಲ್ಲದರಲ್ಲೂ ದೊಡ್ಡಪ್ಪನ ಹೆಸರು. ಅಪ್ಪ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಎಸೆಯುತ್ತಿದ್ದರು. ಎರಡನೆಯದಕ್ಕೆ ಗೆದ್ದಲು ಹತ್ತಿತ್ತು. ಅದರ ಕತೆ ಬೇಡ.

"ಅದನ್ನ ಕೊಡಿಲ್ಲಿ" ಅಂತ ಅತ್ತೆ ಸಣ್ಣ ಟ್ರಂಕನ್ನು ತಮ್ಮ ಕಡೆ ಎಳೆದುಕೊಂಡರು. ಅದರಲ್ಲಿದ್ದದ್ದು ಸೀರೆಗಳು ಮಾತ್ರ, ನಾವು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅತ್ತೆ ಸೀರೆ ತೆಗೆಯಲಿಲ್ಲ, ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಅಡಿಗೆ ಕೈ ಹಾಕಿದರು. ನಾಲ್ಕು ಚೀಟಿ ಬಂದವು. ಶಾಯಿ ಕಂದಿದೆ, ಆದರೂ ಓದಬಹುದು. ಅಜ್ಜನ ಪೂರ್ತಿ ಹೆಸರು, ಗದ್ದೆಯ ಹೆಸರು, ಇಷ್ಟು ಖಂಡುಗ ಭತ್ತ ಸಂದಾಯ, ಕೆಳಗೆ ಒಡೆಯರ ಸಹಿ. ಒಂದರ ಮೇಲೆ 1966.

ಅಪ್ಪ ಎದ್ದು ನಿಂತೇ ಬಿಟ್ಟರು. "ಮುಗೀತು ಅವನ ಕತೆ! ಅರ್ಧ ಗದ್ದೆ ಬಿಡಲೇಬೇಕು ಇನ್ನು!"

"ಅರ್ಧ ಹೆಂಗಾಗ್ತದೆ?" ಅತ್ತೆ ಚೀಟಿಯಿಂದ ಕಣ್ಣು ತೆಗೆಯದೇ ಕೇಳಿದರು. "ಅಪ್ಪಯ್ಯಂದು ಅಂದ ಮೇಲೆ ಮೂರು ಪಾಲು ಅಲ್ವಾ?"

ಅಪ್ಪ ಏನೋ ಹೇಳಲು ಹೋಗಿ ಬಿಟ್ಟರು. ಆಮೇಲೆ, ಅಕ್ಕಾ ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ, ಬಂಗಾರ ಕೊಟ್ಟಿದ್ದೇವಲ್ಲ, ಅಪ್ಪಯ್ಯ ಹೋಗಿ ಎಷ್ಟು ವರ್ಷ ಆಯ್ತು, ಈಗ ಹೆಣ್ಣುಮಕ್ಕಳ ಪಾಲು ಅಂದ್ರೆ, ಅಂತ ಒಂದೇ ಉಸಿರಿಗೆ ಶುರು ಮಾಡಿದರು.

"ಅಪ್ಪ ಬದುಕಿರಬೇಕು ಅಂತೇನಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನನ್ನ ಅಳಿಯ ಮೊಬೈಲಲ್ಲಿ ಓದಿ ಹೇಳಿದ" ಅಂದರು ಅತ್ತೆ. ಅವರು ಬರುವಾಗಲೇ ತಯಾರಾಗಿ ಬಂದಿದ್ದರು ಅಂತ ಆಗ ಹೊಳೆಯಿತು. "ನಿನ್ನ ದಾವೆಯಲ್ಲಿ ನನ್ನ ಹೆಸರೆಲ್ಲಿದೆ ಹೇಳು ನೋಡೋಣ."

ಇರಲಿಲ್ಲ. ದಾವೆ ಹಾಕುವಾಗ ವಕೀಲರು ಕೇಳಿದ್ದರು, ಅಕ್ಕ ತಂಗಿ ಯಾರಾದರೂ ಇದ್ದಾರಾ ಅಂತ. ಅಪ್ಪ, "ಇದ್ದಾರೆ, ಅವರಿಗೇನೂ ಬೇಡ" ಅಂದಿದ್ದರು. ಪಕ್ಕದ ಕುರ್ಚಿಯಲ್ಲಿ ನಾನೂ ಇದ್ದೆ.

ಅತ್ತೆ ನಾಲ್ಕೂ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಮ್ಮ ಬ್ಯಾಗಿನಲ್ಲಿಟ್ಟು ಜಿಪ್ ಎಳೆದರು. "ನಾಳೆ ಇಬ್ರೂ ವಕೀಲರ ಹತ್ರ ಹೋಗೋಣ. ನನ್ನ ಹೆಸರು ಸೇರಿಸ್ಲಿ, ಅಲ್ಲೇ ಕೊಡ್ತೀನಿ. ಅಲ್ಲೀವರೆಗೆ ನಿಂಗೆ ಜೆರಾಕ್ಸ್."

"ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?"

"ಅಣ್ಣನ್ನ ನಂಬಿ ಅರ್ಜಿ ಹಾಕಿಸಿದ್ವಲ್ಲೋ."

ಅಡಿಗೆ ಮನೆಯಿಂದ ಅಮ್ಮ, "ಅತ್ತಿಗೆ, ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗೋದಾದ್ರೆ ಇವತ್ತು ಇಲ್ಲೇ ಉಳೀರಿ, ಅಕ್ಕಿ ಜಾಸ್ತಿ ಹಾಕ್ತೀನಿ" ಅಂದಳು. ಅಪ್ಪ ಅಮ್ಮನ ಕಡೆ ತಿರುಗಿ ನೋಡಿದರು. ಅಮ್ಮ ಆಗಲೇ ಅಕ್ಕಿ ಅಳೆಯುತ್ತಿದ್ದಳು.