ಮೂಲೆ ನೋಡುವ ಚುಕ್ಕಿ

ಪುಟ್ಟಿಯ ಮನೆಯಲ್ಲಿ ಒಂದು ದೊಡ್ಡ ಕಣಜ ಇತ್ತು. ಬಿದಿರು ಹೆಣೆದು, ಒಳಗೂ ಹೊರಗೂ ಮಣ್ಣು ಮೆತ್ತಿ ಮಾಡಿದ್ದು. ಪುಟ್ಟಿ ಪಕ್ಕದಲ್ಲಿ ನಿಂತರೆ ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅದರ ತುಂಬಾ ಭತ್ತ. ಅದರಲ್ಲಿ ಹಿಡಿಸದೆ ಉಳಿದದ್ದನ್ನು ಚೀಲಕ್ಕೆ ತುಂಬಿ ಮೂಲೆಯಲ್ಲಿ ಒಟ್ಟಿದ್ದರು. ಮನೆಯವರ ವರ್ಷದ ಊಟ, ಮುಂದಿನ ಬಿತ್ತನೆಯ ಬೀಜ, ಎಲ್ಲ ಆ ಕೋಣೆಯಲ್ಲೇ.

ಕೋಣೆ ಕಾಯುವ ಕೆಲಸ ಚುಕ್ಕಿಯದು.

ಚುಕ್ಕಿ ಬಿಳಿ ಬೆಕ್ಕು. ಹಣೆಯ ಮೇಲೆ ಒಂದೇ ಒಂದು ಕಪ್ಪು ಚುಕ್ಕಿ. ಹಗಲೆಲ್ಲ ಕಣಜದ ಮುಚ್ಚಳದ ಮೇಲೆ ಸುರುಳಿ ಸುತ್ತಿ ಮಲಗಿರುತ್ತಿತ್ತು. ಬಾಲದ ತುದಿ ಮಾತ್ರ ಆಗಾಗ ಅಲ್ಲಾಡುತ್ತಿತ್ತು.

“ಇದೆಂಥಾ ಕಾವಲು? ಬರೀ ನಿದ್ದೆ!” ಎನ್ನುತ್ತಿದ್ದ ಪುಟ್ಟಿಯ ಅಣ್ಣ.

“ರಾತ್ರಿ ಕೆಲಸ ಮಾಡೋರು ಹಗಲು ಮಲಗಬೇಕಲ್ವಾ?” ಎನ್ನುತ್ತಿದ್ದಳು ಪುಟ್ಟಿ.

ಸಂಜೆ ಬೆಳಕು ಕಡಿಮೆಯಾಗುತ್ತಿದ್ದ ಹಾಗೆ ಚುಕ್ಕಿ ಏಳುತ್ತಿತ್ತು. ಮುಂಗಾಲು ಚಾಚಿ, ಬೆನ್ನು ಬಗ್ಗಿಸಿ, ದೊಡ್ಡದಾಗಿ ಆಕಳಿಸಿ ಕೆಳಗೆ ಹಾರುತ್ತಿತ್ತು. ಮೊದಲು ಬಾಗಿಲ ಕಂಬಕ್ಕೆ ಕೆನ್ನೆ ಉಜ್ಜುತ್ತಿತ್ತು. ಆಮೇಲೆ ಕಣಜಕ್ಕೆ, ಆಮೇಲೆ ಚೀಲಗಳಿಗೆ. ಹೀಗೆ ಉಜ್ಜಿದ ಕಡೆಯೆಲ್ಲ ಅದರ ವಾಸನೆ ಅಂಟಿಕೊಳ್ಳುತ್ತಿತ್ತು. ನಮ್ಮ ಮೂಗಿಗೆ ಅದು ಗೊತ್ತಾಗುವುದಿಲ್ಲ. ಇಲಿಯ ಮೂಗಿಗೆ ಚೆನ್ನಾಗಿ ಗೊತ್ತಾಗುತ್ತದೆ. ಎಷ್ಟೋ ಇಲಿಗಳು ಬಾಗಿಲವರೆಗೆ ಬಂದು, ಮೂಗು ಅಲ್ಲಾಡಿಸಿ, ಹಾಗೇ ಹಿಂದಕ್ಕೆ ಓಡುತ್ತಿದ್ದವು. ಅವುಗಳನ್ನು ಯಾರೂ ನೋಡಲಿಲ್ಲ. ಹಾಗಾಗಿ ಚುಕ್ಕಿಗೆ ಶಾಭಾಸ್ ಅನ್ನುವವರೂ ಇರಲಿಲ್ಲ.

ಒಂದು ರಾತ್ರಿ ಪುಟ್ಟಿ ನೀರು ಕುಡಿಯಲು ಎದ್ದಳು. ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಇಣುಕಿ ನೋಡಿದಳು.

ಚುಕ್ಕಿ ನೆಲಕ್ಕೆ ಅಂಟಿಕೊಂಡು ಕುಳಿತಿತ್ತು. ಮೈ ಕಲ್ಲಿನ ಹಾಗೆ ಅಲುಗದೆ ಇತ್ತು. ಕಿವಿಗಳು ಮಾತ್ರ ತಿರುಗುತ್ತಿದ್ದವು, ಒಂದು ಆ ಕಡೆ, ಒಂದು ಈ ಕಡೆ. ಗೋಡೆಯ ಬುಡದಲ್ಲಿ ಒಂದು ಇಲಿ ಬಂತು. ಇಲಿಗಳು ಕೋಣೆಯ ನಡುವೆ ಓಡಾಡುವುದು ಕಡಿಮೆ. ಗೋಡೆಗೆ ಮೈ ತಾಗಿಸಿಕೊಂಡೇ ಹೋಗುತ್ತವೆ. ಚುಕ್ಕಿಗೆ ಅದು ಗೊತ್ತು. ಅದಕ್ಕೇ ಅದು ಗೋಡೆಯ ಪಕ್ಕದಲ್ಲೇ ಕಾದಿತ್ತು.

ಇಲಿ ನಾಲ್ಕು ಹೆಜ್ಜೆ ಬಂತು. ನಿಂತಿತು. ಚುಕ್ಕಿ ಅಲುಗಲಿಲ್ಲ. ಇಲಿ ಇನ್ನೆರಡು ಹೆಜ್ಜೆ ಬಂತು. ಮತ್ತೆ ನಿಂತಿತು. ಪುಟ್ಟಿ ಉಸಿರು ಬಿಗಿ ಹಿಡಿದಳು. ಈಗ ಹಾರಬಾರದಾ! ಊಹೂಂ, ಚುಕ್ಕಿ ಇನ್ನೂ ಕಾಯಿತು. ಹಿಂಗಾಲು ಮಾತ್ರ ಮೆಲ್ಲಗೆ ಒತ್ತಿಕೊಂಡಿತು.

ಆಮೇಲೆ ಒಂದೇ ನೆಗೆತ! ಸದ್ದೇ ಇಲ್ಲ. ಉಗುರುಗಳು ಅಲ್ಲಿಯವರೆಗೆ ಪಾದದೊಳಗೆ ಅಡಗಿದ್ದವು, ಬೇಕಾದಾಗ ಹೊರಗೆ ಬಂದವು. ಇಲಿ ಸಿಕ್ಕಿತು.

ಬೆಳಿಗ್ಗೆ ಪುಟ್ಟಿ ಎಲ್ಲರಿಗೂ ಈ ಕಥೆ ಹೇಳಿದಳು. ಆದರೆ ಅಮ್ಮನ ಮುಖ ಬಾಡಿತ್ತು.

“ಇಲ್ಲಿ ನೋಡಿ, ನೆಲದ ಮೇಲೆ ಎಷ್ಟು ಹೊಟ್ಟು ಬಿದ್ದಿದೆ! ಇಲಿ ಹಿಕ್ಕೆ ಬೇರೆ. ಬೆಕ್ಕಿದ್ದೂ ಯಾರೋ ತಿಂತಾ ಇದ್ದಾರೆ” ಎಂದಳು ಅಮ್ಮ.

“ಅದಕ್ಕೆ ಹಾಲು ಹಾಕೋದು ನಿಲ್ಲಿಸಿ. ಹಸಿವಾದರೆ ತಾನೇ ಹಿಡಿಯುತ್ತೆ” ಎಂದ ಅಣ್ಣ.

ಅಜ್ಜಿಗೆ ಸಿಟ್ಟು ಬಂತು. “ಹಸಿದ ಬೆಕ್ಕು ಮನೆ ಕಾಯೋದಿಲ್ಲ ಮಗು. ಊಟ ಹುಡುಕಿಕೊಂಡು ಹೊಲಕ್ಕೆ ಹೋಗುತ್ತೆ. ಹೊಟ್ಟೆ ತುಂಬಿದ್ದರೂ ಇಲಿ ಕಂಡರೆ ಅದು ಬಿಡೋದಿಲ್ಲ. ಅದರ ಬಟ್ಟಲಿಗೆ ಕೈ ಹಾಕಬೇಡ.”

ಚುಕ್ಕಿಯ ಬಟ್ಟಲು ಉಳಿಯಿತು. ಹೊಟ್ಟು ಬೀಳುವುದೂ ನಿಲ್ಲಲಿಲ್ಲ.

ಮರುದಿನದಿಂದ ಚುಕ್ಕಿ ವಿಚಿತ್ರವಾಗಿ ಆಡತೊಡಗಿತು. ಹಗಲಿನಲ್ಲೂ ಮಲಗಲಿಲ್ಲ. ಚೀಲಗಳನ್ನು ಒಟ್ಟಿದ್ದ ಮೂಲೆಯ ಮುಂದೆ ಕುಳಿತು ದಿಟ್ಟಿಸಿ ನೋಡತೊಡಗಿತು. ಪುಟ್ಟಿ ಹಾಲಿಟ್ಟು ಕರೆದರೆ ಓಡಿ ಬಂದು, ಎರಡು ಗುಟುಕು ಕುಡಿದು, ಮತ್ತೆ ಮೂಲೆಗೇ ಹೋಗುತ್ತಿತ್ತು.

“ಅಯ್ಯೋ, ಚೀಲ ನೋಡೋಕೆ ಶುರು ಮಾಡಿದೆ! ಚೀಲ ಓಡಿ ಹೋಗುತ್ತಾ?” ಎಂದು ಅಣ್ಣ ನಕ್ಕ.

ಪುಟ್ಟಿ ನಗಲಿಲ್ಲ. ಚುಕ್ಕಿಯ ಪಕ್ಕ ಕುಳಿತು ಚೀಲಕ್ಕೆ ಕಿವಿಯಿಟ್ಟಳು. ಏನೂ ಕೇಳಿಸಲಿಲ್ಲ. ಚುಕ್ಕಿಯ ಕಿವಿಗಳು ಮಾತ್ರ ಪಟಪಟ ತಿರುಗುತ್ತಿದ್ದವು.

“ಅಜ್ಜಿ, ಇದಕ್ಕೆ ಏನು ಕೇಳಿಸ್ತಾ ಇದೆ?”

“ಇಲಿ ಮರಿಗಳ ದನಿ ತುಂಬಾ ಕೀರಲು, ಪುಟ್ಟಿ. ಎಷ್ಟೋ ಸಲ ನಮ್ಮ ಕಿವಿಗೆ ಬೀಳೋದೇ ಇಲ್ಲ. ಬೆಕ್ಕಿಗೆ ಕೇಳಿಸುತ್ತೆ.” ಅಜ್ಜಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಜೋರಾಗಿ ಕೂಗಿದಳು. “ಏ, ಎಲ್ಲಾ ಬನ್ರೋ! ಆ ಚೀಲ ಎತ್ತಿ!”

ಅಪ್ಪ ಬಂದ. ಅಣ್ಣನೂ ಬಂದ. ಒಂದೊಂದೇ ಚೀಲ ತೆಗೆದರು. ಕೆಳಗಿನ ಚೀಲ ಎತ್ತಿದರೆ ಭತ್ತವೆಲ್ಲ ಸುರಿಯಿತು. ಅದರ ತಳದಲ್ಲಿ ದೊಡ್ಡ ತೂತು! ಚೀಲದ ಹಿಂದೆ, ನೆಲದಲ್ಲಿ ಒಂದು ಬಿಲ. ಬಾಯಿಯ ಸುತ್ತ ಹೊಸ ಮಣ್ಣಿನ ಗುಡ್ಡೆ.

“ಇದು ಹೆಗ್ಗಣದ ಬಿಲ!” ಎಂದ ಅಪ್ಪ. ಹಾರೆ ತಂದು ಅಗೆಯತೊಡಗಿದ.

ಧಡ್! ಧಡ್! ಮಣ್ಣು ಹಾರಿತು. ಇದ್ದಕ್ಕಿದ್ದಂತೆ ಬಿಲದಿಂದ ಹೆಗ್ಗಣ ಹೊರಗೆ ನುಗ್ಗಿತು. ಅಬ್ಬಾ, ಎಷ್ಟು ದಪ್ಪ! ಅಣ್ಣ ಕಿರುಚಿ ಕಣಜದ ಮೇಲೆ ಹತ್ತಲು ನೋಡಿದ. ಹೆಗ್ಗಣ ಪುಟ್ಟಿಯ ಕಡೆಗೇ ಓಡಿತು.

ನಡುವೆ ಚುಕ್ಕಿ ಬಂದು ನಿಂತಿತು. ಬೆನ್ನು ಕಮಾನಾಯಿತು. ಮೈಯ ಕೂದಲೆಲ್ಲ ನಿಮಿರಿ, ಸಣ್ಣ ಬೆಕ್ಕು ಎರಡರಷ್ಟು ದೊಡ್ಡದಾಗಿ ಕಂಡಿತು. “ಹಿಸ್ಸ್!” ಎಂದಿತು. ಹೆಗ್ಗಣವೂ ಹಲ್ಲು ಕಿರಿಯಿತು. ಅದರ ಮುಂದಿನ ಹಲ್ಲು ಸಾಮಾನ್ಯದ್ದಲ್ಲ. ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿದು ಸವೆಸುತ್ತಲೇ ಇರಬೇಕು. ಕಚ್ಚಿದರೆ ಬೆಕ್ಕಿಗೂ ಪೆಟ್ಟೇ. ಆದರೂ ಚುಕ್ಕಿ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಪಂಜ ಎತ್ತಿ ಫಟ್ ಎಂದು ಬಾರಿಸಿತು.

ಹೆಗ್ಗಣ ತಿರುಗಿ ಬಾಗಿಲಿನಿಂದ ಹೊರಗೆ ಓಡಿತು. ಚುಕ್ಕಿ ಅದರ ಹಿಂದೆ. ಅಂಗಳ ದಾಟಿ, ಬೇಲಿಯವರೆಗೂ ಅಟ್ಟಿಸಿಕೊಂಡು ಹೋಗಿ ವಾಪಸ್ ಬಂತು. ಬಂದು ಕಾಲು ನೆಕ್ಕಿಕೊಳ್ಳುತ್ತಾ ಕುಳಿತಿತು.

ಬಿಲದ ಒಳಗೆ ಒಂದು ಗೂಡಿತ್ತು. ಅದರ ತುಂಬಾ ಭತ್ತ! ಅರ್ಧ ಬುಟ್ಟಿಯಷ್ಟು ಸಿಕ್ಕಿತು.

“ಹೆಗ್ಗಣವೂ ಕಣಜ ಮಾಡಿಕೊಂಡಿದೆ!” ಎಂದಳು ಪುಟ್ಟಿ. “ಇದನ್ನ ಮತ್ತೆ ತುಂಬೋಣ್ವಾ?”

“ಬೇಡ, ಅದರ ಮೇಲೆಲ್ಲ ಉಚ್ಚೆ, ಹಿಕ್ಕೆ ಆಗಿರುತ್ತೆ. ತಿಂದರೆ ಕಾಯಿಲೆ. ಇವು ತಿನ್ನೋದಕ್ಕಿಂತ ಕೆಡಿಸೋದೇ ಜಾಸ್ತಿ” ಎಂದಳು ಅಮ್ಮ. ಅದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿದರು.

ಅಪ್ಪ ಬಿಲಕ್ಕೆ ಬರೀ ಮಣ್ಣು ತುಂಬಲಿಲ್ಲ. ಮಣ್ಣನ್ನು ಒಂದೇ ರಾತ್ರಿಯಲ್ಲಿ ತೋಡಿಬಿಡುತ್ತವೆ. ಕಲ್ಲು ತುಂಬಿ, ಮೇಲೆ ಸಿಮೆಂಟ್ ಹಾಕಿದ. ಚೀಲಗಳನ್ನು ಗೋಡೆಗೆ ತಾಗಿಸದೆ, ಹಲಗೆಯ ಮೇಲೆ ಒಟ್ಟಿದ. ಗೋಡೆಗೂ ಚೀಲಕ್ಕೂ ನಡುವೆ ಚುಕ್ಕಿ ಆರಾಮಾಗಿ ಓಡಾಡುವಷ್ಟು ಜಾಗ ಬಿಟ್ಟ. ಅಳತೆ ಹಿಡಿಯಲು ಚುಕ್ಕಿಯನ್ನೇ ಎತ್ತಿ ತಂದು ನಿಲ್ಲಿಸಿದವಳು ಪುಟ್ಟಿ.

ಆ ಸಂಜೆ ಚುಕ್ಕಿಯ ಬಟ್ಟಲಿಗೆ ಹಾಲು ಹಾಕಿದವನು ಅಣ್ಣ. ಅಂಚಿನವರೆಗೂ ತುಂಬಿಸಿದ್ದ.

ಎರಡು ದಿನ ಕಳೆಯಿತು. ಅಣ್ಣ ಅಡುಗೆಮನೆಯಿಂದ ಓಡಿ ಬಂದ.

“ಅಪ್ಪಾ, ಹಾರೆ ತಗೊಂಡು ಬಾ! ಚುಕ್ಕಿ ಒಲೆಯ ಹಿಂದೆ ನೋಡ್ತಾ ಇದೆ!”

ಎಲ್ಲರೂ ಓಡಿದರು. ಅಪ್ಪ ಹಾರೆ ಹಿಡಿದ. ಅಮ್ಮ ಪಾತ್ರೆಗಳನ್ನು ಸರಿಸಿದಳು. ಪುಟ್ಟಿ ದೀಪ ತಂದು ಬಗ್ಗಿ ನೋಡಿದಳು.

ಗೋಡೆಯ ಮೇಲೆ ಒಂದು ಹಲ್ಲಿ ಕುಳಿತಿತ್ತು. “ಲೊಚ್ ಲೊಚ್” ಎಂದಿತು.