ವಿಷಯ: ಹೊಸ ಪೂರೈಕೆದಾರರ ನೋಂದಣಿ – ಬ್ಯಾಂಕ್ ವಿವರ ಜುಲೈ 5ರೊಳಗೆ ಬೇಕು, ಖಾತೆ ಬದಲಾವಣೆ ಹೆಸರಿನ ಮೋಸದ ಬಗ್ಗೆ ದಯವಿಟ್ಟು ಪೂರ್ತಿ ಓದಿ

ಶ್ರೀ ಮಹಾಂತೇಶ ಹೊಸಮನಿ ಅವರಿಗೆ
ಹೊಸಮನಿ ಎಂಜಿನಿಯರಿಂಗ್ ವರ್ಕ್ಸ್, ಗೋಕುಲ ರಸ್ತೆ, ಹುಬ್ಬಳ್ಳಿ

ನಮಸ್ಕಾರ.

ಅಡಿಕೆ ಸುಲಿಯುವ ಯಂತ್ರದ 400 ಶಾಫ್ಟ್‌ಗಳ ಮೆಷಿನಿಂಗ್ ಕೆಲಸಕ್ಕೆ ನೀವು ಕೊಟ್ಟ ಸ್ಯಾಂಪಲ್ ನಮ್ಮ ಕ್ವಾಲಿಟಿ ವಿಭಾಗದಲ್ಲಿ ಪಾಸಾಗಿದೆ. ಮೊದಲ ಲಾಟ್ ಜುಲೈ 14ಕ್ಕೆ ಬರಬೇಕು. ಅದಕ್ಕೂ ಮೊದಲು ನಿಮ್ಮ ಹೆಸರು ನಮ್ಮ ಪೂರೈಕೆದಾರರ ಪಟ್ಟಿಗೆ ಸೇರಬೇಕು. ಸೇರದಿದ್ದರೆ ಮಾಲು ಸ್ಟೋರ್ಸ್‌ಗೆ ಇಳಿಯುತ್ತದೆ, ಆದರೆ ಬಿಲ್ ಸಿಸ್ಟಮ್‌ನಲ್ಲಿ ಏರುವುದಿಲ್ಲ, ಹಣ ನಿಲ್ಲುತ್ತದೆ. ಆದ್ದರಿಂದ ಕೆಳಗಿನ ವಿವರಗಳು ಜುಲೈ 5ರೊಳಗೆ ನಮ್ಮ ಕೈಸೇರಲಿ.

ಉತ್ತರ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಈ ಮೇಲ್ ನಿಜವಾಗಿಯೂ ನಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ. ಸ್ಯಾಂಪಲ್ ತಂದ ದಿನ ನಿಮ್ಮ ಕೈಗೆ ಕೊಟ್ಟ ಪರ್ಚೇಸ್ ಆರ್ಡರ್‌ನ ತಲೆಭಾಗದಲ್ಲಿ ನಮ್ಮ ಕಚೇರಿಯ ಲ್ಯಾಂಡ್‌ಲೈನ್ ಅಚ್ಚಾಗಿದೆ. ಆ ನಂಬರಿಗೆ ಕರೆ ಮಾಡಿ ಅಕೌಂಟ್ಸ್ ವಿಭಾಗ ಕೇಳಿ. ಈ ಮೇಲ್‌ನಲ್ಲಿ ಬೇಕೆಂದೇ ನಮ್ಮ ಯಾವ ಫೋನ್ ನಂಬರನ್ನೂ ಹಾಕಿಲ್ಲ. ಬ್ಯಾಂಕ್ ವಿವರ ಕೇಳುವ ಮೇಲ್‌ನಲ್ಲೇ ಇರುವ ನಂಬರಿಗೆ ಕರೆ ಮಾಡಿ ಅದೇ ಮೇಲನ್ನು ಪರೀಕ್ಷಿಸಿದರೆ ಪರೀಕ್ಷೆ ಆದಂತಲ್ಲ.

ಏನೇನು ಕಳುಹಿಸಬೇಕು

ಲಗತ್ತಿಸಿರುವ ನೋಂದಣಿ ಫಾರ್ಮ್ ತುಂಬಿ, ನೀವೇ ಸಹಿ ಮಾಡಿ, ಸೀಲ್ ಹಾಕಿ. ಜೊತೆಗೆ ಪ್ಯಾನ್ ಕಾರ್ಡ್, ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ, ಉದ್ಯಮ್ ಪ್ರಮಾಣಪತ್ರಗಳ ಪ್ರತಿ ಮತ್ತು ಒಂದು ಕ್ಯಾನ್ಸಲ್ ಮಾಡಿದ ಚೆಕ್ ಇರಲಿ.

ಪ್ಯಾನ್ ಮತ್ತು ಜಿಎಸ್‌ಟಿ ನಂಬರನ್ನು ಒಂದಕ್ಕೊಂದು ತಾಳೆ ನೋಡುತ್ತೇವೆ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ನಂತರದ ಹತ್ತು ನಿಮ್ಮ ಪ್ಯಾನ್. ಆ ಹತ್ತು ಹೊಂದದಿದ್ದರೆ ಫಾರ್ಮ್ ಅಲ್ಲೇ ವಾಪಸ್. ನಮ್ಮ ಫೋರ್ಜಿಂಗ್ ಪಡೆದು ನೀವು ಮೆಷಿನಿಂಗ್ ಮಾಡಿಕೊಡುವುದು ಜಾಬ್‌ವರ್ಕ್ ಆದ್ದರಿಂದ ಬಿಲ್‌ನಲ್ಲಿ ಟಿಡಿಎಸ್ ಮುರಿಯುತ್ತೇವೆ. ನಿಮ್ಮದು ಒಬ್ಬರೇ ಮಾಲೀಕರಿರುವ ಸಂಸ್ಥೆ, ಹಾಗಾಗಿ ಶೇ 1. ಪ್ಯಾನ್ ಕೊಡದಿದ್ದರೆ ಶೇ 20 ಮುರಿಯಬೇಕಾಗುತ್ತದೆ, ಅದರಲ್ಲಿ ನಮಗೆ ಆಯ್ಕೆಯಿಲ್ಲ. ಉದ್ಯಮ್ ಪ್ರಮಾಣಪತ್ರ ನಿಮ್ಮ ಹಿತಕ್ಕಾಗಿಯೇ: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರದಂತೆ ಹಣ ಕೊಡಬೇಕೆಂದು ಕಾನೂನಿದೆ. ನಮ್ಮ ಆರ್ಡರ್‌ನಲ್ಲಿ ಇರುವುದು ಮಾಲು ಒಪ್ಪಿಕೊಂಡ ದಿನದಿಂದ 30 ದಿನ.

ಬ್ಯಾಂಕ್ ವಿವರ ತುಂಬುವಾಗ

ಹೆಚ್ಚಿನ ಫಾರ್ಮ್‌ಗಳು ವಾಪಸಾಗುವುದು ಈ ಭಾಗದಲ್ಲೇ. ಸ್ವಲ್ಪ ನಿಧಾನವಾಗಿ ನೋಡಿ.

ಖಾತೆದಾರರ ಹೆಸರನ್ನು ಬ್ಯಾಂಕಿನಲ್ಲಿ ಇರುವಂತೆಯೇ ಬರೆಯಿರಿ. ಬಿಲ್ ‘ಹೊಸಮನಿ ಎಂಜಿನಿಯರಿಂಗ್ ವರ್ಕ್ಸ್’ ಹೆಸರಿನಲ್ಲಿ ಬರುತ್ತದೆ, ಆದ್ದರಿಂದ ಅದೇ ಹೆಸರಿನ ಕರೆಂಟ್ ಅಕೌಂಟ್ ಕೊಡಿ. ಮನೆಯವರ ಅಥವಾ ತಮ್ಮನ ಖಾತೆಗೆ ಹಾಕಿ ಎಂದರೆ ಹಾಕುವುದಿಲ್ಲ, ಒಂದು ಸಲಕ್ಕೂ ಇಲ್ಲ.

ಖಾತೆ ಸಂಖ್ಯೆಯನ್ನು ಫಾರ್ಮ್‌ನಲ್ಲಿ ಎರಡು ಕಡೆ ಕೈಬರಹದಲ್ಲಿ ಬರೆಯಬೇಕು. ಎರಡನೇ ಸಲ ಬರೆಯುವಾಗ ಮೊದಲನೆಯದನ್ನು ನೋಡಿ ಇಳಿಸಬೇಡಿ, ಚೆಕ್ ನೋಡಿಯೇ ಬರೆಯಿರಿ. ಎಕ್ಸೆಲ್ ಶೀಟ್‌ನಲ್ಲಿ ಟೈಪ್ ಮಾಡಿ ಕಳುಹಿಸಬೇಡಿ. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಎಂದುಕೊಂಡು ಆರಂಭದ ಸೊನ್ನೆಗಳನ್ನು ನುಂಗುತ್ತದೆ. 15 ಅಂಕಿಗಿಂತ ಉದ್ದ ಇದ್ದರೆ ಉಳಿದ ಅಂಕಿಗಳನ್ನು ಸೊನ್ನೆ ಮಾಡುತ್ತದೆ. 16 ಅಂಕಿಯ ಖಾತೆಯ ಕೊನೆಯ 7 ಹೀಗೆ 0 ಆಗಿಬಿಟ್ಟರೆ ಕಣ್ಣಿಗೆ ಬೀಳುವುದೇ ಇಲ್ಲ.

ಐಎಫ್‌ಎಸ್‌ಸಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕ್, ಐದನೆಯದು ಯಾವಾಗಲೂ ಅಂಕಿಯ ಸೊನ್ನೆ, ಉಳಿದ ಆರು ಶಾಖೆ. ಐದನೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ ‘ಓ’ ಬರೆಯುವ ತಪ್ಪು ಬಹಳ ಸಾಮಾನ್ಯ. ವಿಲೀನವಾದ ಬ್ಯಾಂಕುಗಳ ಹಳೇ ಚೆಕ್ ಬುಕ್ ಇದ್ದರಂತೂ ಎಚ್ಚರ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. SYNB ಎಂದು ಶುರುವಾಗುವ ಕೋಡ್ ಈಗ ನಡೆಯುವುದಿಲ್ಲ, ಕೆನರಾದ CNRB ಕೋಡ್ ಬೇಕು. ನಿಮ್ಮ ಭಾಗದಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಖಾತೆ ಇರುವವರು ಅನೇಕರು. 2025ರ ಮೇ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಅಲ್ಲಿ ಖಾತೆ ಇದ್ದರೆ ಈಗ ಚಾಲ್ತಿಯಲ್ಲಿರುವ ಕೋಡ್ ಯಾವುದೆಂದು ಶಾಖೆಯಲ್ಲಿ ಕೇಳಿ ಬರೆಯಿರಿ.

ಚೆಕ್ ಮೇಲೆ ಎರಡು ಅಡ್ಡಗೆರೆ ಎಳೆದು ನಡುವೆ ‘ಕ್ಯಾನ್ಸಲ್ಡ್’ ಎಂದು ದೊಡ್ಡದಾಗಿ ಬರೆಯಿರಿ. ಸಹಿ ಹಾಕಬೇಡಿ. ಗೆರೆ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಮೇಲೆ ಹಾಯದಿರಲಿ. ಚೆಕ್ಕಿನಲ್ಲಿ ಸಂಸ್ಥೆಯ ಹೆಸರು ಅಚ್ಚಾಗಿಲ್ಲದಿದ್ದರೆ ಶಾಖೆಯ ಸೀಲ್ ಇರುವ ಖಾತೆ ದೃಢೀಕರಣ ಪತ್ರ ತನ್ನಿ.

ಓಟಿಪಿ, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಡೆಬಿಟ್ ಕಾರ್ಡ್ ನಂಬರ್, ಯುಪಿಐ ಪಿನ್ ನಮಗೆ ಬೇಕಿಲ್ಲ. ಹಣ ಪಡೆಯುವವರು ಇವುಗಳಲ್ಲಿ ಯಾವುದನ್ನೂ ಯಾರಿಗೂ ಕೊಡಬೇಕಾಗಿಲ್ಲ. ನೋಂದಣಿಗೆ ಶುಲ್ಕ ಇಲ್ಲ, ಡಿಪಾಸಿಟ್ ಇಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಇವುಗಳಲ್ಲಿ ಒಂದನ್ನು ಕೇಳಿದರೂ ಅವರು ನಮ್ಮವರಲ್ಲ.

ಹೇಗೆ ಕಳುಹಿಸಬೇಕು

ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ, ಪಾಸ್‌ವರ್ಡ್ ಹಾಕಿ, ಈ ಮೇಲ್‌ಗೆ ಉತ್ತರವಾಗಿ ಕಳುಹಿಸಿ. ಪಾಸ್‌ವರ್ಡನ್ನು ಲ್ಯಾಂಡ್‌ಲೈನ್‌ಗೆ ಕರೆ ಮಾಡಿ ಹೇಳಿ, ಇನ್ನೊಂದು ಮೇಲ್‌ನಲ್ಲಿ ಬರೆಯಬೇಡಿ. ಇದು ತೊಡಕೆನಿಸಿದರೆ ಲಕೋಟೆಯಲ್ಲಿ ಹಾಕಿ ಕೊರಿಯರ್ ಮಾಡಿ. ಅದೂ ಅಷ್ಟೇ ಒಳ್ಳೆಯದು. ವಾಟ್ಸ್ಯಾಪ್‌ನಲ್ಲಿ ಬಂದ ಬ್ಯಾಂಕ್ ವಿವರವನ್ನು ನಾವು ಸ್ವೀಕರಿಸುವುದಿಲ್ಲ.

ವಿವರ ಬಂದ ಮೇಲೆ ನಿಮ್ಮ ಖಾತೆಗೆ 1ರಿಂದ 10 ರೂಪಾಯಿಯೊಳಗಿನ ಒಂದು ಮೊತ್ತವನ್ನು ಪೈಸೆ ಸಮೇತ ಹಾಕಿ ಫೋನ್ ಮಾಡುತ್ತೇವೆ. ಎಷ್ಟು ಬಂತು ಎಂದು ನೀವೇ ಹೇಳಬೇಕು. ನಾವೇ ಮೊತ್ತ ಹೇಳಿ ‘ಬಂತಾ?’ ಎಂದು ಕೇಳಿದರೆ ಪಾಸ್‌ಬುಕ್ ನೋಡದೆಯೇ ‘ಬಂತು’ ಎಂದುಬಿಡುವುದುಂಟು. ಇಷ್ಟು ಎಚ್ಚರ ಏಕೆಂದರೆ, ನೆಫ್ಟ್ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ, ಹೆಸರಿನ ಮೇಲಲ್ಲ. ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನೂ ಬಳಸುತ್ತೇವೆ. ಆದರೆ ಹತ್ತಿರದ ಹೆಸರಿನಲ್ಲಿ ಖಾತೆ ತೆರೆದವರ ಮುಂದೆ ಅದೊಂದೇ ಸಾಲದು.

ಮುಂದೆ ಖಾತೆ ಬದಲಾದರೆ

ಮೋಸ ನಡೆಯುವುದು ಸಾಮಾನ್ಯವಾಗಿ ನೋಂದಣಿಯ ಹೊತ್ತಿನಲ್ಲಲ್ಲ. ವ್ಯವಹಾರ ಕುದುರಿ, ದೊಡ್ಡ ಬಿಲ್ ಪಾವತಿಗೆ ಬಂದ ವಾರದಲ್ಲಿ. ಮೊದಲು ಇಬ್ಬರಲ್ಲಿ ಒಬ್ಬರ ಮೇಲ್ ಪಾಸ್‌ವರ್ಡ್ ಕದಿಯುತ್ತಾರೆ. ಒಳಗೆ ಕೂತು ಸದ್ದಿಲ್ಲದೆ ಪತ್ರವ್ಯವಹಾರ ಓದುತ್ತಾರೆ: ಬಿಲ್ ನಂಬರ್, ಮೊತ್ತ, ಯಾವ ತಾರೀಖಿಗೆ ಪಾವತಿ, ಯಾರು ಯಾರನ್ನು ‘ಸರ್’ ಎನ್ನುತ್ತಾರೆ, ಯಾರು ಹೆಸರು ಹಿಡಿದು ಬರೆಯುತ್ತಾರೆ, ಎಲ್ಲವೂ. ಪಾವತಿಗೆ ಎರಡು ದಿನ ಇದೆ ಎನ್ನುವಾಗ ಅದೇ ಪತ್ರದ ಸರಣಿಯಲ್ಲಿ ಒಂದು ಉತ್ತರ ಬರುತ್ತದೆ: ‘ಆಡಿಟ್ ನಡೆಯುತ್ತಿದೆ, ಹಳೇ ಖಾತೆ ತಾತ್ಕಾಲಿಕವಾಗಿ ನಿಂತಿದೆ, ಈ ಹೊಸ ಖಾತೆಗೆ ಹಾಕಿ, ಸ್ವಲ್ಪ ಅರ್ಜೆಂಟ್’. ಜೊತೆಗೆ ನಿಮ್ಮದೇ ಬಿಲ್‌ನ ಪಿಡಿಎಫ್, ನಿಮ್ಮದೇ ಸೀಲ್. ಬದಲಾದದ್ದು ಕೆಳಗಿನ ಖಾತೆ ಸಂಖ್ಯೆ ಮಾತ್ರ. ಹಣ ಹೋಗಿ ಅನೇಕ ಖಾತೆಗಳಿಗೆ ಹಂಚಿಹೋದ ಮೇಲೆ, ‘ನಮಗೆ ಇನ್ನೂ ಬಂದಿಲ್ಲವಲ್ಲ’ ಎಂದು ನೀವು ಕೇಳಿದಾಗ ವಿಷಯ ಹೊರಬೀಳುತ್ತದೆ.

ಕೆಲವೊಮ್ಮೆ ಮೇಲ್ ಕದಿಯುವುದೂ ಬೇಡ, ಹೋಲುವ ವಿಳಾಸ ಸಾಕು. ನಮ್ಮ ವಿಳಾಸ ಕೊನೆಯಾಗುವುದು ಹೀಗೆ:

```
@malnadkrishiyantra.in
```

ಇದನ್ನು ಕೆಳಗಿನದರ ಜೊತೆ ಹೋಲಿಸಿ ನೋಡಿ:

```
@rnalnadkrishiyantra.in
```

ಮೊದಲಕ್ಷರ m ಅಲ್ಲ. r ಮತ್ತು n ಅಂಟಿ ನಿಂತಿವೆ. ಮೊಬೈಲ್ ಪರದೆಯಲ್ಲಿ ಇದು ತಿಳಿಯುವುದು ಕಷ್ಟ, ಮೊಬೈಲ್ ಕಳುಹಿಸಿದವರ ಹೆಸರಷ್ಟೇ ತೋರಿಸುವುದೂ ಉಂಟು. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ತೆರೆದು ನೋಡಿ.

ಆದ್ದರಿಂದ ನಮ್ಮಲ್ಲಿ ಕ್ರಮ ಹೀಗಿದೆ. ಮೇಲ್, ಎಸ್ಸೆಮ್ಮೆಸ್ಸು, ಬಿಲ್‌ನ ಕೆಳಗಿನ ಸಾಲು – ಇವುಗಳ ಆಧಾರದ ಮೇಲೆ ಖಾತೆ ಬದಲಿಸುವುದಿಲ್ಲ. ಲೆಟರ್‌ಹೆಡ್‌ನಲ್ಲಿ ನಿಮ್ಮ ಸಹಿಯ ಮೂಲ ಪತ್ರ ಮತ್ತು ಹೊಸ ಖಾತೆಯ ಕ್ಯಾನ್ಸಲ್ಡ್ ಚೆಕ್ ಬರಬೇಕು. ಬಂದ ಮೇಲೆ ನೋಂದಣಿ ಫಾರ್ಮ್‌ನಲ್ಲಿ ನೀವು ಈಗ ಕೊಡುವ ಫೋನ್ ನಂಬರಿಗೆ ನಾವೇ ಕರೆ ಮಾಡುತ್ತೇವೆ. ಹೊಸ ಪತ್ರದಲ್ಲಿರುವ ನಂಬರಿಗಲ್ಲ. ಹಳೇ ಖಾತೆಯ ಕೊನೆಯ ನಾಲ್ಕು ಅಂಕಿ ಕೇಳುತ್ತೇವೆ. ನಮ್ಮಲ್ಲಿ ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಒಪ್ಪಬೇಕು. ಸಣ್ಣ ಮೊತ್ತದ ಪರೀಕ್ಷೆ ಮತ್ತೆ ಆಗುತ್ತದೆ. ಬದಲಾವಣೆ ದಾಖಲಾದ ಮೇಲೂ ಮೂರು ಕೆಲಸದ ದಿನ ಕಾಯುತ್ತೇವೆ. ಅಷ್ಟರವರೆಗೆ ಹಳೇ ಖಾತೆಗೂ ಹಣ ಹೋಗುವುದಿಲ್ಲ, ಹೊಸದಕ್ಕೂ ಇಲ್ಲ. ‘ಅರ್ಜೆಂಟ್’ ಎಂದಷ್ಟೂ ನಮ್ಮವರು ಇನ್ನಷ್ಟು ನಿಧಾನ ಮಾಡುತ್ತಾರೆ, ಬೇಸರ ಮಾಡಿಕೊಳ್ಳಬೇಡಿ.

ಹಾಗಾಗಿ ಫಾರ್ಮ್‌ನಲ್ಲಿ ಖಾತೆ ಸಂಖ್ಯೆಯಷ್ಟೇ ಮುಖ್ಯವಾದದ್ದು ಫೋನ್ ನಂಬರ್. ಎರಡು ಕೊಡಿ: ಒಂದು ನಿಮ್ಮ ಮೊಬೈಲ್, ಇನ್ನೊಂದು ವರ್ಕ್‌ಶಾಪಿನ ನಂಬರ್ ಅಥವಾ ಮನೆಯ ಹಿರಿಯರೊಬ್ಬರದು. ಸಿಮ್ ಕದ್ದು ಅಥವಾ ನಕಲಿ ಸಿಮ್ ಪಡೆದು ಮಾಡುವ ಮೋಸಕ್ಕೆ ಒಂದೇ ನಂಬರ್ ಸಾಲುವುದಿಲ್ಲ. ನಂಬರ್ ಬದಲಾದರೂ ಲೆಟರ್‌ಹೆಡ್ ಪತ್ರವೇ ಬೇಕು. ಫೋನ್ ನಂಬರ್ ಮತ್ತು ಖಾತೆ ಎರಡನ್ನೂ ಒಂದೇ ಪತ್ರದಲ್ಲಿ ಬದಲಿಸಲು ಕೇಳಿದರೆ ನೀವೇ ಶಿವಮೊಗ್ಗಕ್ಕೆ ಬರಬೇಕಾಗುತ್ತದೆ.

ನಿಮ್ಮ ಮೇಲ್‌ಗೆ ಎರಡು ಹಂತದ ಲಾಗಿನ್ ಇವತ್ತೇ ಹಾಕಿಸಿ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಭಾಗ ತೆರೆದು, ನಿಮಗೆ ಗೊತ್ತಿಲ್ಲದ ವಿಳಾಸಕ್ಕೆ ಮೇಲ್ ಹೋಗುತ್ತಿದೆಯೇ ನೋಡಿ. ಕಳ್ಳರು ಹಾಕಿಟ್ಟ ಅಂಥ ಒಂದು ಸಾಲು ಪಾಸ್‌ವರ್ಡ್ ಬದಲಿಸಿದ ಮೇಲೂ ಕೆಲಸ ಮಾಡುತ್ತಿರುತ್ತದೆ. ಬಿಲ್ ಟೈಪ್ ಮಾಡುವ ಹುಡುಗರಿಗೂ ಲೆಕ್ಕ ನೋಡುವವರಿಗೂ ಈ ಮೇಲ್ ತೋರಿಸಿ.

ಅನುಮಾನ ಬಂದ ಕೂಡಲೇ ನಮಗೆ ಕರೆ ಮಾಡಿ, ರಾತ್ರಿಯಾದರೂ ಸರಿ. ಲ್ಯಾಂಡ್‌ಲೈನ್ ಗೇಟಿನ ಸೆಕ್ಯುರಿಟಿಗೆ ಹೋಗುತ್ತದೆ, ಅವರು ನಮಗೆ ತಿಳಿಸುತ್ತಾರೆ. ನೆಫ್ಟ್, ಆರ್‌ಟಿಜಿಎಸ್ ಈಗ ದಿನದ 24 ಗಂಟೆಯೂ ನಡೆಯುವುದರಿಂದ ಬೆಳಗಾಗಲಿ ಎಂದು ಕಾಯುವಂತಿಲ್ಲ. ಹಣ ಹೋಗಿಯೇಬಿಟ್ಟಿದ್ದರೆ, ಕಳುಹಿಸಿದವರು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ಆ ಪಾವತಿಯ ಯುಟಿಆರ್ ನಂಬರ್ ಕೊಡಬೇಕು, ತಮ್ಮ ಬ್ಯಾಂಕಿಗೂ ಹೇಳಬೇಕು, ನಂತರ cybercrime.gov.in ನಲ್ಲಿ ದೂರು ದಾಖಲಿಸಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುಂಚೆ ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.

ಫಾರ್ಮ್‌ನ ಯಾವುದೇ ಸಾಲು ಅರ್ಥವಾಗದಿದ್ದರೆ ಬೆಳಿಗ್ಗೆ 10ರಿಂದ ಸಂಜೆ 5ರೊಳಗೆ ಕರೆ ಮಾಡಿ, ಫೋನಿನಲ್ಲೇ ಕೂತು ತುಂಬಿಸುತ್ತೇನೆ. ಫಾರ್ಮ್ ಜುಲೈ 5ಕ್ಕೆ ಬಂದರೆ ಪರೀಕ್ಷೆಯ ಮೊತ್ತ 8ರೊಳಗೆ ನಿಮ್ಮ ಖಾತೆಗೆ ಬರುತ್ತದೆ.

ವಂದನೆಗಳೊಂದಿಗೆ,

ಸವಿತಾ ಭಟ್
ಅಕೌಂಟ್ಸ್ ವಿಭಾಗ, ಮಲ್ನಾಡ್ ಕೃಷಿಯಂತ್ರ
ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಶಿವಮೊಗ್ಗ

ಲಗತ್ತು: ಪೂರೈಕೆದಾರರ ನೋಂದಣಿ ಫಾರ್ಮ್ (2 ಪುಟ)
ಪ್ರತಿ: ಪರ್ಚೇಸ್ ವಿಭಾಗ, ಸ್ಟೋರ್ಸ್